ಕೆರೆಯ ಲೇಖನದಲ್ಲಿ ಮೂರು ಬಗೆಯ ಕನ್ನಡ: ಒಂದೇ ಹದಕ್ಕೆ ತರುವುದು ಹೇಗೆ?

ಪ್ರಶ್ನೆ: ನಾನು ಮಾಲೂರು ತಾಲ್ಲೂಕಿನವನು. ನಮ್ಮೂರ ಕೆರೆ ಮತ್ತು ಅಲ್ಲಿ ನೀರುಗಂಟಿಯಾಗಿದ್ದ ನನ್ನ ತಾತನ ಬಗ್ಗೆ ಸ್ಮರಣ ಸಂಚಿಕೆಯೊಂದಕ್ಕೆ ಹನ್ನೆರಡು ಪುಟದ ಲೇಖನ ಬರೆದೆ. ಸಂಪಾದಕರು ‘ಒಂದು ಸಾಲು ಆಡುಮಾತು, ಒಂದು ಸಾಲು ಗ್ರಂಥಸ್ಥ, ಒಂದೇ ಹದಕ್ಕೆ ತನ್ನಿ’ ಎಂದು ಹಿಂದಿರುಗಿಸಿದರು. ಎಲ್ಲವನ್ನೂ ಗ್ರಂಥಸ್ಥಕ್ಕೆ ತಿದ್ದಿ ಅಪ್ಪನಿಗೆ ಓದಿ ಹೇಳಿದೆ. ‘ಪಂಚಾಯಿತಿ ನೋಟಿಸು ಓದಿದ ಹಾಗಿದೆ, ನಮ್ಮಪ್ಪ ಎಲ್ಲಿದ್ದಾರೆ ಇದರಲ್ಲಿ?’ ಎಂದರು. ತೂಬು, ಕೋಡಿಯಂತಹ ಹಳ್ಳಿಯ ಪದಗಳನ್ನೂ ಬದಲಿಸಬೇಕೇ? ಊರಿನ ಹಿರಿಯರೊಬ್ಬರ ಮಾತನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೇನೆ, ಅದನ್ನು ಏನು ಮಾಡಲಿ? ಕಂಪ್ಯೂಟರಿನಲ್ಲಿ ಒಮ್ಮೆಗೇ ಬದಲಿಸುವ ದಾರಿ ಇದೆಯೇ? ಒಂದು ವಾರ ಸಮಯವಿದೆ.

ಉತ್ತರ: ನಮಸ್ಕಾರ. ನೀವು ಕಳುಹಿಸಿದ ಎರಡೂ ಪ್ರತಿಗಳನ್ನು ಓದಿದೆ. ತಿದ್ದುವ ಕೆಲಸಕ್ಕೆ ಮೊದಲನೆಯ ಪ್ರತಿಯನ್ನೇ ಇಟ್ಟುಕೊಳ್ಳಿ, ಎರಡನೆಯದನ್ನು ಪಕ್ಕಕ್ಕಿಡಿ. ನಿಮ್ಮ ತಂದೆಯವರ ಕಿವಿ ಸರಿಯಾಗಿಯೇ ಹೇಳಿದೆ. ಸಂಪಾದಕರು ಹೇಳಿದ್ದೂ ಸರಿಯೇ. ಇಬ್ಬರನ್ನೂ ಒಪ್ಪಿಸುವ ಪ್ರತಿಯೊಂದು ಸಾಧ್ಯವಿದೆ, ಒಂದು ವಾರ ಅದಕ್ಕೆ ಧಾರಾಳವಾಗಿ ಸಾಕು.

ತುಮಕೂರಿನಲ್ಲಿ 22 ವರ್ಷಗಳಿಂದ ಬೇರೆಯವರ ಬರಹ ತಿದ್ದುತ್ತಾ ಬಂದಿದ್ದೇನೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಬರುವ ಲೇಖನಗಳಲ್ಲಿ ಈ ಬೆರಕೆಯನ್ನು ಮತ್ತೆ ಮತ್ತೆ ಕಂಡಿದ್ದೇನೆ. ಎಲ್ಲರೂ ಇದನ್ನು ಎರಡು ಭಾಷೆಗಳ ಬೆರಕೆ ಎಂದುಕೊಳ್ಳುತ್ತಾರೆ. ನಿಮ್ಮ ಲೇಖನದಲ್ಲಿರುವುದು ಮೂರು. ಅದನ್ನು ಗುರುತಿಸದೆ ತಿದ್ದಲು ಹೊರಟಿದ್ದರಿಂದಲೇ ಎರಡನೆಯ ಪ್ರತಿ ನೋಟಿಸಿನಂತಾಯಿತು. ನಿಮ್ಮ ಮೊದಲ ಪುಟದ ಈ ಭಾಗವನ್ನೇ ನೋಡಿ:

“ಸದರಿ ಕೆರೆಯು ಗ್ರಾಮದ ಪೂರ್ವ ದಿಕ್ಕಿನಲ್ಲಿ ಸ್ಥಿತವಾಗಿದ್ದು, ಎರಡು ತೂಬುಗಳನ್ನು ಹೊಂದಿರುತ್ತದೆ. ನಮ್ಮ ತಾತ ನೀರುಗಂಟಿ ಆಗಿದ್ರು. ತೂಬು ಎತ್ತೋ ಕೆಲಸ ಅವರದ್ದೇ. ಯಾರ ಗದ್ದೆಗೆ ಎಷ್ಟು ನೀರು ಬಿಡಬೇಕು ಅಂತ ಅವರೇ ತೀರ್ಮಾನಿಸುತ್ತಿದ್ದರು. ಈಗ ಮಳೆ ಚೆನ್ನಾಗಿ ಬಂದ್ರು ಕೆರೆಗೆ ನೀರು ಬರಲ್ಲ. ರಾಜಕಾಲುವೆಗಳು ಮುಚ್ಚಿಹೋಗಿದೆ. ಅಂತರ್ಜಲ ಮಟ್ಟವು ತೀವ್ರ ಕುಸಿತವನ್ನು ಕಂಡಿರುತ್ತದೆ.”

ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಕಚೇರಿಯ ಕನ್ನಡ. ಅವು ಪಂಚಾಯಿತಿಯ ದಾಖಲೆಯಿಂದ ಬಂದಿವೆ ಎಂದು ಓದಿದ ತಕ್ಷಣ ತಿಳಿಯುತ್ತದೆ. “ಆಗಿದ್ರು”, “ಎತ್ತೋ”, “ಅಂತ”, “ಬರಲ್ಲ” ನಿಮ್ಮ ಮನೆಯ ಮಾತು. “ಅವರೇ ತೀರ್ಮಾನಿಸುತ್ತಿದ್ದರು” ಎಂಬಷ್ಟು ಮಾತ್ರ ಪತ್ರಿಕೆ, ಪುಸ್ತಕಗಳಲ್ಲಿ ಅಚ್ಚಾಗುವ ಸಾಮಾನ್ಯ ಬರಹದ ಕನ್ನಡ. ಸಂಪಾದಕರು ಕೇಳಿದ್ದು ಈ ಮೂರನೆಯದನ್ನು. ನೀವು ತಿದ್ದುವಾಗ ಮನೆಯ ಮಾತನ್ನು ಮೊದಲನೆಯದರ ಕಡೆಗೆ, ಅಂದರೆ ಸುತ್ತೋಲೆ, ನಡಾವಳಿ, ಮಹಜರುಗಳ ಭಾಷೆಯ ಕಡೆಗೆ ಎಳೆದಿರಿ. “ತೂಬು ಎತ್ತೋ ಕೆಲಸ” ಎಂಬುದು ಎರಡನೆಯ ಪ್ರತಿಯಲ್ಲಿ “ತೂಬನ್ನು ಎತ್ತುವ ಕಾರ್ಯವನ್ನು ನಿರ್ವಹಿಸುತ್ತಿದ್ದರು” ಎಂದಾಗಿದೆ. ತಾತ ಮರೆಯಾದದ್ದು ಅಲ್ಲಿ.

ಲೇಖನ ಹೀಗೆ ಮೂರು ಹೋಳಾಗುವುದಕ್ಕೆ ಕಾರಣ ನಿಮ್ಮ ಭಾಷಾಜ್ಞಾನದ ಕೊರತೆಯಲ್ಲ. ಮಾಹಿತಿ ಯಾವ ಮೂಲದಿಂದ ಬಂದಿತೋ ಆ ಮೂಲದ ಕ್ರಿಯಾಪದವೂ ಅದರ ಜೊತೆಯಲ್ಲೇ ಬಂದುಬಿಡುತ್ತದೆ. ಸರ್ವೆ ನಂಬರು, ವಿಸ್ತೀರ್ಣ, ಇಸವಿ ಬರೆಯುವಾಗ ಕೈ ತಾನಾಗಿ “ಇರುತ್ತದೆ” ಎನ್ನುತ್ತದೆ. ತಾತನ ನೆನಪು ಬಂದಾಗ “ಆಗಿದ್ರು” ಎನ್ನುತ್ತದೆ. ಆದ್ದರಿಂದ ತಿದ್ದಲು ಕೂರುವ ಮೊದಲು ಹನ್ನೆರಡೂ ಪುಟಗಳ ಅಂಚಿನಲ್ಲಿ ಪೆನ್ಸಿಲಿನಿಂದ ಯಾವ ಭಾಗ ದಾಖಲೆಯಿಂದ, ಯಾವುದು ನೆನಪಿನಿಂದ, ಯಾವುದು ರೆಕಾರ್ಡಿನಿಂದ ಎಂದು ಗುರುತು ಹಾಕಿಕೊಳ್ಳಿ. ಅರ್ಧ ಗಂಟೆಯ ಕೆಲಸ. ಎಲ್ಲಿ ಯಾವ ಬಗೆಯ ತಪ್ಪು ಹುಡುಕಬೇಕು ಎಂಬುದು ಇದರಿಂದ ಮೊದಲೇ ತಿಳಿಯುತ್ತದೆ.

ಈಗ ತೂಬು, ಕೋಡಿಯ ವಿಚಾರ. ಅವನ್ನು ಮುಟ್ಟಬೇಡಿ. ತೂಬು, ಕೋಡಿ, ಏರಿ, ಹೂಳು, ಅಚ್ಚುಕಟ್ಟು, ನೀರುಗಂಟಿ ಇವೆಲ್ಲ ಕೆರೆಯ ಪದಗಳು. ಊರಿನವರೂ ಅವನ್ನೇ ಆಡುತ್ತಾರೆ, ಅಚ್ಚಿನಲ್ಲೂ ಅವೇ ಬರುತ್ತವೆ. ಆಡುಮಾತು, ಬರಹ ಎಂಬ ವ್ಯತ್ಯಾಸ ಕನ್ನಡದಲ್ಲಿ ಹೆಚ್ಚಾಗಿ ಕಾಣುವುದು ಪದದ ಬಾಲದಲ್ಲಿ, ಅಂದರೆ ಕ್ರಿಯಾಪದದ ಕೊನೆಯಲ್ಲಿ ಮತ್ತು ವಿಭಕ್ತಿಯಲ್ಲಿ. “ತೂಬು ಎತ್ತೋರು” ಆಡುಮಾತು, “ತೂಬು ಎತ್ತುವವರು” ಬರಹ. ತೂಬು ಎರಡು ಕಡೆಯೂ ತೂಬೇ. ಹಳ್ಳಿಯ ಪದ ತೆಗೆದು ಸಂಸ್ಕೃತ ಪದ ಹಾಕಿದರೆ ಬರಹ ಗಂಭೀರವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಹಾಗೆ ಮಾಡಿಯೂ “ಜಲ ನಿರ್ವಹಣೆ ಮಾಡ್ತಿದ್ರು” ಎಂದು ಬರೆದರೆ ಬೆರಕೆ ಮೊದಲಿಗಿಂತ ಹೆಚ್ಚೇ ಎದ್ದು ಕಾಣುತ್ತದೆ. ಬೆಂಗಳೂರಿನ ಓದುಗರಿಗೆ ನೀರುಗಂಟಿ ಯಾರೆಂದು ತಿಳಿಯದಿರಬಹುದು. ಮೊದಲ ಸಲ ಬಂದಾಗ “ತೂಬು ಎತ್ತಿ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವ ನೀರುಗಂಟಿ” ಎಂದು ಒಂದು ಸಲ ಹೇಳಿಬಿಡಿ. ಪದಗಳ ವಿಷಯದಲ್ಲಿ ನೋಡಿಕೊಳ್ಳಬೇಕಾದ್ದು ಇಷ್ಟೇ: ಒಂದು ಪುಟದಲ್ಲಿ ಬೋರ್‌ವೆಲ್, ಇನ್ನೊಂದರಲ್ಲಿ ಕೊಳವೆಬಾವಿ ಎಂದು ಅಲೆದಾಡಬೇಡಿ. ಯಾವುದಾದರೂ ಒಂದಿರಲಿ.

ತಿದ್ದುವ ಕ್ರಮ ಹೇಳುತ್ತೇನೆ. ಮೊದಲ ಓದಿನಲ್ಲಿ ವಾಕ್ಯದ ಕೊನೆಯ ಕ್ರಿಯಾಪದವನ್ನು ಮಾತ್ರ ನೋಡಿ. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಬಂದು ನಿಲ್ಲುತ್ತದೆ, ಓದುಗನ ಕಿವಿ ಬರಹದ ಹದವನ್ನು ಹಿಡಿಯುವುದೂ ಅಲ್ಲಿಯೇ. “ಆಗಿದ್ರು” ಎಂಬುದು “ಆಗಿದ್ದರು”, “ಆಗುತ್ತೆ” ಎಂಬುದು “ಆಗುತ್ತದೆ”. ಇಷ್ಟು ಎಲ್ಲರೂ ಮಾಡುತ್ತಾರೆ. ಎಡವುವುದು ಇನ್ನು ಮೂರು ಕಡೆ.

ಒಂದು, ಬಹುವಚನ. ಮಾತಿನಲ್ಲಿ ನಾವು “ಕೆರೆಗಳು ತುಂಬುತ್ತೆ”, “ಕಾಲುವೆಗಳು ಮುಚ್ಚಿಹೋಗಿದೆ” ಎನ್ನುತ್ತೇವೆ, ಯಾರಿಗೂ ತಪ್ಪೆನಿಸುವುದಿಲ್ಲ. ಬರಹದಲ್ಲಿ “ತುಂಬುತ್ತವೆ”, “ಮುಚ್ಚಿಹೋಗಿವೆ” ಎಂದೇ ಆಗಬೇಕು. ನಿಮ್ಮ ವಾಕ್ಯದಲ್ಲಿ “ಮುಚ್ಚಿಹೋಗಿದೆ” ಎಂಬ ರೂಪ ನೋಡಲು ಬರಹದ ರೂಪದಂತೆಯೇ ಇರುವುದರಿಂದ ನಿಮ್ಮ ಕಣ್ಣು ತಪ್ಪಿಸಿಕೊಂಡಿದೆ. ಎರಡನೆಯ ಪ್ರತಿಯಲ್ಲೂ ಅದು ಹಾಗೆಯೇ ಉಳಿದಿದೆ.

ಎರಡು, “ಬರಲ್ಲ”. ಇದನ್ನು ಅವಸರದಲ್ಲಿ ತಿದ್ದುವವರು “ಬರಲಿಲ್ಲ” ಎಂದು ಮಾಡುತ್ತಾರೆ, ಅಕ್ಷರಗಳು ಹತ್ತಿರ ಇರುವುದರಿಂದ. ಆದರೆ “ಬರಲ್ಲ” ಎಂದರೆ “ಬರುವುದಿಲ್ಲ”. “ಬರಲಿಲ್ಲ” ಎಂದರೆ ಆಗಿಹೋದ ಸಂಗತಿ. ಈಗಲೂ ಕೆರೆಗೆ ನೀರು ಬರುವುದಿಲ್ಲ ಎಂಬ ನಿಮ್ಮ ಅಳಲು ಯಾವುದೋ ಒಂದು ವರ್ಷ ನೀರು ಬರಲಿಲ್ಲ ಎಂಬ ಸುದ್ದಿಯಾಗಿಬಿಡುತ್ತದೆ. ಭಾಷೆ ತಿದ್ದಲು ಹೋಗಿ ಅರ್ಥ ತಿದ್ದಿದಂತೆ.

ಮೂರು, “ಬಂದ್ರು”. ನೀವು “ಮಳೆ ಚೆನ್ನಾಗಿ ಬಂದ್ರು” ಎಂದು ಬರೆದಿದ್ದೀರಿ. “ತಾತ ಬಂದ್ರು” ಎಂದಾದರೆ ಅದು “ಬಂದರು”. ಇಲ್ಲಿ ಬೇಕಾದದ್ದು “ಬಂದರೂ”, ಮಳೆ ಬಂದಾಗ್ಯೂ ಎಂಬ ಅರ್ಥದಲ್ಲಿ. ಮಾತಿನಲ್ಲಿ ಆ ದೀರ್ಘ ಕಿವಿಗೆ ಕೇಳುತ್ತದೆ, ಟೈಪ್ ಮಾಡುವಾಗ ಬಿಟ್ಟುಹೋಗುತ್ತದೆ. ಆದ್ದರಿಂದ “ದ್ರು” ಎಂದು ಕೊನೆಯಾಗುವ ಪ್ರತಿ ಪದದ ಮುಂದೆ ನಿಂತು, ಇದು ವಾಕ್ಯವನ್ನು ಮುಗಿಸುತ್ತಿದೆಯೇ, ಮುಂದಿನ ಮಾತಿಗೆ ಕೊಂಡಿಯಾಗಿದೆಯೇ ಎಂದು ಕೇಳಿಕೊಳ್ಳಿ.

ಎರಡನೆಯ ಓದು ವಾಕ್ಯದ ನಡುವಿನದು. ನಾನು ತಿದ್ದುವ ಪ್ರತಿಗಳಲ್ಲಿ ಕೊನೆಯವರೆಗೆ ಉಳಿದುಕೊಳ್ಳುವ ಆಡುಮಾತೆಲ್ಲ ಇಲ್ಲಿಯೇ ಅಡಗಿರುತ್ತದೆ: “ಮಾಡಿದ್ರೆ”, “ಎತ್ತೋ”, “ಹೋಗೋಕೆ”, “ಕೆರೇಲಿ”, “ಅವ್ರಿಗೆ”, “ಒಳ್ಳೆ ಮಳೆ”, “ಹಳೇ ಕಾಲುವೆ”. ವಾಕ್ಯ “ಹೇಳುತ್ತಾರೆ” ಎಂದು ಚೆಂದವಾಗಿ ಮುಗಿದರೆ ಕಣ್ಣು ಮುಂದಕ್ಕೆ ಹಾರಿಬಿಡುತ್ತದೆ, ನಡುವಿನ “ಹಳೇ” ಹಾಗೆಯೇ ಕುಳಿತಿರುತ್ತದೆ. ಇವುಗಳಲ್ಲಿ ಹೆಚ್ಚು ಗಮನ ಬೇಡುವುದು “ಅಂತ”. ನಿಮ್ಮ ಲೇಖನದಲ್ಲಿ ಅದು ಮೂರು ಕೆಲಸ ಮಾಡುತ್ತಿದೆ. “ಎಷ್ಟು ನೀರು ಬಿಡಬೇಕು ಅಂತ” ಎಂಬಲ್ಲಿ “ಎಂದು” ಆಗುತ್ತದೆ. ನಾಲ್ಕನೆಯ ಪುಟದ “ನೀರುಗಂಟಿ ಅಂತ ಒಂದು ಕೆಲಸ ಇತ್ತು” ಎಂಬಲ್ಲಿ “ಎಂಬ” ಆಗುತ್ತದೆ. ಏಳನೆಯ ಪುಟದ “ಅಂತ ಮಳೆಯಲ್ಲೂ ಏರಿ ಒಡೆಯಲಿಲ್ಲ” ಎಂಬುದಂತೂ ಬೇರೆಯೇ ಪದ. ಅದು “ಅಂತಹ ಮಳೆಯಲ್ಲೂ”.

ಕಂಪ್ಯೂಟರಿನಲ್ಲಿ ಒಮ್ಮೆಗೇ ಬದಲಿಸಬಹುದೇ ಎಂಬ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೃಷಿ ಪುರವಣಿಯ ಒಂದು ಲೇಖನಕ್ಕೆ ಈ ಉಪಾಯ ಮಾಡಿದ್ದೆ. “ಅಂತ” ಇರುವಲ್ಲೆಲ್ಲ “ಎಂದು” ಎಂದು ಬದಲಿಸಲು ಹೇಳಿ ಗುಂಡಿ ಒತ್ತಿದೆ. ರಾತ್ರಿ ಕರಡು ಕೈಗೆ ಬಂದಾಗ ಅಂತರ್ಜಲ ಎಂದಿದ್ದ ಕಡೆಯಲ್ಲೆಲ್ಲ “ಎಂದುರ್ಜಲ” ಎಂದಿತ್ತು. ಒಂದೊಂದನ್ನೂ ಕೈಯಿಂದ ಸರಿಮಾಡಿ ಪುಟ ಬಿಡುವ ಹೊತ್ತಿಗೆ ಎರಡು ಗಂಟೆ ಹೋಗಿತ್ತು. ನಿಮ್ಮದೂ ಕೆರೆಯ ಲೇಖನ, ಅಂತರ್ಜಲ ಎಂಬ ಪದ ಪುಟಪುಟದಲ್ಲೂ ಇದೆ. “ಎತ್ತೋ” ಎಂಬುದನ್ನು “ಎತ್ತುವ” ಎಂದು ಒಮ್ಮೆಗೇ ಬದಲಿಸಿದರೆ “ಎತ್ತೋದು” ಎಂಬುದು “ಎತ್ತುವದು” ಆಗುತ್ತದೆ, ಬೇಕಾದದ್ದು “ಎತ್ತುವುದು”. “ಮಾಡೋ” ಎಂಬುದನ್ನು “ಮಾಡುವ” ಎಂದು ಬದಲಿಸಿದರೆ “ಮಾಡೋಣ” ಎಂಬುದು “ಮಾಡುವಣ” ಆಗುತ್ತದೆ. “ದ್ರೆ” ಎಂಬುದನ್ನು ಮುಟ್ಟಿದರೆ ನಿದ್ರೆ ಕೆಡುತ್ತದೆ. “ಮಾಡ್ತಾ ಇದ್ದಾರೆ” ಎಂಬಲ್ಲಿ ಒಂದು ಪದವನ್ನಷ್ಟೇ ಬದಲಿಸಿದರೆ “ಮಾಡುತ್ತಾ ಇದ್ದಾರೆ” ಎಂದು ಅರ್ಧದಲ್ಲಿ ನಿಲ್ಲುತ್ತದೆ, “ಮಾಡುತ್ತಿದ್ದಾರೆ” ಎಂದು ಎರಡು ಪದ ಸೇರಿ ಒಂದಾಗಬೇಕು.

ಹಾಗೆಂದು ಕಂಪ್ಯೂಟರನ್ನು ದೂರವಿಡಬೇಕಿಲ್ಲ. ಬದಲಿಸುವ ಗುಂಡಿ ಬೇಡ, ಹುಡುಕುವ ಗುಂಡಿ ಸಾಕು. “ದ್ರೆ”, “ದ್ರು”, “ತ್ತೆ”, “ಅಂತ”, “ಅನ್ನೋ”, “ರೇಲಿ”, “ನೇಲಿ” ಎಂದು ಒಂದೊಂದಾಗಿ ಹುಡುಕಿ, ಸಿಕ್ಕಿದ ಕಡೆ ನಿಂತು ನೋಡಿ, ಕೈಯಿಂದ ತಿದ್ದಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಭಾಗಗಳಿದ್ದರೆ ಮೊದಲು ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಇಲ್ಲದಿದ್ದರೆ ಹುಡುಕಿದ್ದು ಸಿಗುವುದಿಲ್ಲ, ಸಿಗಲಿಲ್ಲವೆಂದರೆ ಇಲ್ಲ ಎಂದೇ ಅಂದುಕೊಳ್ಳುತ್ತೀರಿ.

ಮೂರನೆಯ ಓದು ಕಚೇರಿಯ ಕನ್ನಡವನ್ನು ಇಳಿಸುವುದಕ್ಕೆ. ಇದನ್ನು ಯಾರೂ ತಪ್ಪೆಂದು ಭಾವಿಸುವುದಿಲ್ಲವಾದ್ದರಿಂದ ಇದು ಉಳಿದೆಲ್ಲಕ್ಕಿಂತ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. “ಹೊಂದಿರುತ್ತದೆ” ಎಂಬುದನ್ನೇ ನೋಡಿ. ನಮ್ಮ ಕನ್ನಡದಲ್ಲಿ “ಇರುತ್ತದೆ” ಎಂದರೆ ಪದೇ ಪದೇ, ರೂಢಿಯಾಗಿ ಇರುವುದು ಅಥವಾ ಬಹುಶಃ ಇರುವುದು. “ಭಾನುವಾರ ಸಂತೆ ಇರುತ್ತದೆ”, “ಸಂಜೆ ಅವರು ಮನೆಯಲ್ಲಿರುತ್ತಾರೆ”. ದೂರು, ಮಹಜರುಗಳಲ್ಲಿ ಮಾತ್ರ ಒಮ್ಮೆ ನಡೆದುಹೋದದ್ದಕ್ಕೂ “ದೂರು ನೀಡಿರುತ್ತಾರೆ”, “ಮೃತಪಟ್ಟಿರುತ್ತಾರೆ” ಎಂದು ಬರೆಯುವ ರೂಢಿ ಬೆಳೆದಿದೆ. “ಕೆರೆಗೆ ಎರಡು ತೂಬುಗಳಿರುತ್ತವೆ” ಎಂದರೆ ಸಾಮಾನ್ಯವಾಗಿ ಯಾವ ಕೆರೆಗಾದರೂ ಎಂದಾಗುತ್ತದೆ. ನಿಮ್ಮೂರ ಕೆರೆಗೆ ಎರಡು ತೂಬುಗಳು ಇವೆ, ಅಷ್ಟೇ. “ಸದರಿ” ಎಂಬುದಕ್ಕೆ “ಈ” ಸಾಕು. “ಕುಸಿತವನ್ನು ಕಂಡಿರುತ್ತದೆ” ಎಂಬುದಕ್ಕೆ “ಕುಸಿದಿದೆ” ಸಾಕು. “ಕಾರ್ಯವನ್ನು ನಿರ್ವಹಿಸುತ್ತಿದ್ದರು” ಎಂದಿರುವಲ್ಲಿ ಅವರು ಮಾಡುತ್ತಿದ್ದ ಕೆಲಸ ಯಾವುದೋ ಅದನ್ನೇ ಕ್ರಿಯಾಪದ ಮಾಡಿ.

ಇದೇ ಓದಿನಲ್ಲಿ ಎರಡನೆಯ ಪ್ರತಿಯ ಇನ್ನೊಂದು ಭಾರವನ್ನೂ ತಪ್ಪಿಸಬಹುದು. ಬರಹದ ಕನ್ನಡವೆಂದರೆ ಎಲ್ಲ ಪ್ರತ್ಯಯಗಳನ್ನೂ ತುಂಬಬೇಕು ಎಂದುಕೊಂಡು ನೀವು “ತಾತನು ನೀರನ್ನು ಕುಡಿದನು, ರೈತರು ರಾಗಿಯನ್ನು ಬಿತ್ತಿದರು” ಎಂದೆಲ್ಲ ಮಾಡಿದ್ದೀರಿ. ಅದು ತಪ್ಪಲ್ಲ, ಆದರೆ ಅಗತ್ಯವೂ ಇಲ್ಲ. “ತಾತ ನೀರು ಕುಡಿದರು, ರೈತರು ರಾಗಿ ಬಿತ್ತಿದರು” ಎಂಬುದೂ ಅಚ್ಚಿನ ಕನ್ನಡವೇ. ನಿರ್ದಿಷ್ಟವಾದ ವಸ್ತುವನ್ನು ತೋರಿಸುವಾಗ “ಈ ಕೆರೆಯನ್ನು” ಎಂದೂ, ವ್ಯಕ್ತಿಯಾದರೆ “ಅವರನ್ನು” ಎಂದೂ ಪ್ರತ್ಯಯ ಇರಲಿ. “ಕೆರೆಯು”, “ಮಟ್ಟವು” ಎಂಬಲ್ಲಿನ ಉಕಾರವನ್ನು ಓದಿಗೆ ತೊಡಕಾಗದ ಕಡೆ ಬಿಟ್ಟುಬಿಡಿ. ತಾತನನ್ನು ಒಂದು ಪುಟದಲ್ಲಿ “ಕುಡಿದನು” ಎಂದು, ಇನ್ನೊಂದರಲ್ಲಿ “ಹೇಳುತ್ತಿದ್ದರು” ಎಂದು ಬರೆದಿದ್ದೀರಿ. ಮನೆಯಲ್ಲಿ ತಾತನನ್ನು ಏಕವಚನದಲ್ಲಿ ಕರೆಯುವುದು ಪ್ರೀತಿಯ ರೂಢಿ, ನನಗೂ ಗೊತ್ತು. ಸಂಚಿಕೆಯಲ್ಲಿ ಬಹುವಚನವನ್ನೇ ಕೊನೆಯವರೆಗೂ ಹಿಡಿಯಿರಿ.

ಇಷ್ಟಾದ ಮೇಲೆ ಆ ಭಾಗ ಹೀಗೆ ನಿಲ್ಲುತ್ತದೆ:

“ಊರಿನ ಪೂರ್ವಕ್ಕಿರುವ ಈ ಕೆರೆಗೆ ಎರಡು ತೂಬುಗಳಿವೆ. ನಮ್ಮ ತಾತ ನೀರುಗಂಟಿಯಾಗಿದ್ದರು. ತೂಬು ಎತ್ತುವ ಕೆಲಸ ಅವರದೇ. ಯಾರ ಗದ್ದೆಗೆ ಎಷ್ಟು ನೀರು ಬಿಡಬೇಕು ಎಂದು ಅವರೇ ತೀರ್ಮಾನಿಸುತ್ತಿದ್ದರು. ಈಗ ಮಳೆ ಚೆನ್ನಾಗಿ ಬಂದರೂ ಕೆರೆಗೆ ನೀರು ಬರುವುದಿಲ್ಲ. ರಾಜಕಾಲುವೆಗಳು ಮುಚ್ಚಿಹೋಗಿವೆ. ಅಂತರ್ಜಲ ತೀರಾ ಕೆಳಕ್ಕೆ ಇಳಿದಿದೆ.”

ನಿಮ್ಮ ಮೊದಲ ಪ್ರತಿಯ ಪದಗಳು ಬಹುಪಾಲು ಉಳಿದಿವೆ, ಬದಲಾದದ್ದು ಹೆಚ್ಚಾಗಿ ಬಾಲಗಳು. ವಾಕ್ಯಗಳು ಚಿಕ್ಕದಾಗಿಯೇ ಇವೆ. ಇದನ್ನು ನಿಮ್ಮ ತಂದೆಯವರಿಗೆ ಓದಿ ಹೇಳಿ, ನೋಟಿಸು ಎನ್ನುತ್ತಾರೆಯೇ ನೋಡಿ.

ಇಡೀ ಲೇಖನವನ್ನು ಆಡುಮಾತಿಗೇ ತಂದರೆ ಹೇಗೆ ಎಂದು ನಿಮಗೆ ಅನ್ನಿಸಬಹುದು. ಅದೂ ಒಂದು ದಾರಿಯೇ, ಅದನ್ನು ಕೀಳೆಂದು ನಾನು ಭಾವಿಸುವುದಿಲ್ಲ. ಆದರೆ ಬರಹಕ್ಕಿಂತ ಅದರಲ್ಲಿ ಏಕರೂಪ ಕಾಯುವುದು ಕಷ್ಟ. ಬರಹದಲ್ಲಿ “ಇದೆ”, “ಆಗುತ್ತದೆ” ಎಂಬುದಕ್ಕೆ ಒಂದೊಂದೇ ರೂಪ. ಆಡುಮಾತಿನಲ್ಲಿ “ಐತೆ” ಎನ್ನುತ್ತೀರೋ, “ಅದೆ” ಎನ್ನುತ್ತೀರೋ, “ಆಗುತ್ತೆ” ಎನ್ನುತ್ತೀರೋ, “ಆಯ್ತದೆ” ಎನ್ನುತ್ತೀರೋ ನೀವೇ ನಿರ್ಧರಿಸಿ ಹನ್ನೆರಡು ಪುಟ ಅದನ್ನೇ ಪಾಲಿಸಬೇಕು, ಕಾಗುಣಿತವನ್ನೂ ನೀವೇ ಗೊತ್ತುಮಾಡಬೇಕು. ಒಬ್ಬರೇ ವ್ಯಕ್ತಿ ಮೊದಲಿನಿಂದ ಕೊನೆಯವರೆಗೆ ಮಾತನಾಡುವ ಕಥನಕ್ಕೆ ಅದು ಒಪ್ಪುತ್ತದೆ. ಸರ್ವೆ ನಂಬರು, ಅಚ್ಚುಕಟ್ಟಿನ ಎಕರೆ ಲೆಕ್ಕ ಬರುವ ನಿಮ್ಮ ಲೇಖನ ಅದನ್ನು ತಾಳುವುದಿಲ್ಲ. ಧಾರವಾಡದಲ್ಲೋ ಮಂಗಳೂರಿನಲ್ಲೋ ಓದುವವರಿಗೂ ಅದು ತೊಡಕಾಗುತ್ತದೆ.

ಆ ಹಿರಿಯರ ಮಾತುಗಳಿಗೆ ಮಾತ್ರ ಬೇರೆ ನಿಯಮ. ನೀವು ಬರೆದುಕೊಂಡಿರುವ ಒಂದು ಸಾಲು ನನ್ನ ಮನಸ್ಸಿನಲ್ಲಿ ಉಳಿದಿದೆ: “ಆಗ ನೀರು ಕದ್ದವನಿಗೆ ಊರೇ ಉಗೀತಿತ್ತು ಕಣಪ್ಪ. ಈಗ ಕದಿಯೋಕೆ ನೀರೆಲ್ಲೈತೆ?” ಎರಡನೆಯ ಪ್ರತಿಯಲ್ಲಿ ಇದನ್ನು “ಹಿಂದೆ ನೀರನ್ನು ಕಳವು ಮಾಡಿದವರನ್ನು ಗ್ರಾಮಸ್ಥರು ಖಂಡಿಸುತ್ತಿದ್ದರು” ಎಂದು ತಿದ್ದಿದ್ದೀರಿ, ಎರಡನೆಯ ವಾಕ್ಯವನ್ನು ಬಿಟ್ಟೇಬಿಟ್ಟಿದ್ದೀರಿ. ದಯವಿಟ್ಟು ಮೊದಲಿನಂತೆಯೇ ಇಡಿ, ಉದ್ಧರಣ ಚಿಹ್ನೆಯ ಒಳಗೆ, “ಐತೆ” ಸಹಿತ. ಸುತ್ತಲಿನ ಬರಹ ಒಂದೇ ಹದದಲ್ಲಿದ್ದಾಗ ಓದುಗನಿಗೆ ಇದು ಬೆರಕೆ ಎನ್ನಿಸುವುದಿಲ್ಲ, ಒಬ್ಬ ಮನುಷ್ಯ ಮಾತನಾಡಿದಂತೆ ಕೇಳಿಸುತ್ತದೆ.

ಇದರಲ್ಲೂ ಎರಡು ಅಪಾಯಗಳಿವೆ. ಉದ್ಧರಣದ ಒಳಗೆ ಅರ್ಧ ತಿದ್ದುವುದು ಮೊದಲನೆಯದು: “ಈಗ ಕದಿಯಲು ನೀರೆಲ್ಲೈತೆ” ಎಂದರೆ ಯಾರೂ ಆಡದ ಮಾತಾಗುತ್ತದೆ. ಇಟ್ಟರೆ ಪೂರ್ತಿ ಅವರ ಮಾತಿನಂತೆ ಇಡಿ. ಎರಡನೆಯದು, ಚಿಹ್ನೆ ಹಾಕದೆ ಅವರ ಮಾತನ್ನು ನಿಮ್ಮ ವಾಕ್ಯದೊಳಗೆ ಹೊಲಿಯುವುದು. “ನಾನೇ ತೂಬು ಎತ್ತಿದ್ದೀನಿ ಎಂದು ಅವರು ತಿಳಿಸಿದರು” ಎಂದು ಎಂಟನೆಯ ಪುಟದಲ್ಲಿದೆ. ಒಂದೋ ಚಿಹ್ನೆ ಹಾಕಿ, ಇಲ್ಲವೇ “ತಾವೇ ತೂಬು ಎತ್ತಿದ್ದಾಗಿ ಹೇಳಿದರು” ಎಂದು ನಿಮ್ಮ ಮಾತಿಗೆ ತಿರುಗಿಸಿ. ರೆಕಾರ್ಡಿನಲ್ಲಿರುವ ಎಲ್ಲವನ್ನೂ ಉದ್ಧರಿಸಲು ಹೋಗಬೇಡಿ. ಮಾಹಿತಿಯಷ್ಟೇ ಇರುವ ಮಾತನ್ನು ನಿಮ್ಮ ಬರಹದಲ್ಲಿ ಹೇಳಿ. ಅವರಲ್ಲದೆ ಬೇರೆ ಯಾರೂ ಹಾಗೆ ಹೇಳಲಾರರು ಎನಿಸುವ ನಾಲ್ಕೈದು ಸಾಲುಗಳನ್ನು ಮಾತ್ರ ಅವರ ಬಾಯಲ್ಲೇ ಬಿಡಿ. ಅಚ್ಚಿಗೆ ಹೋಗುವ ಮುನ್ನ ಆ ಸಾಲುಗಳನ್ನು ಅವರಿಗೂ ಒಮ್ಮೆ ಓದಿ ಹೇಳಿ. ತಮ್ಮ ಮಾತು ಹೀಗೆ ಅಚ್ಚಾಗುವುದು ಅವರಿಗೆ ಒಪ್ಪಿಗೆಯಾಗಬೇಕು.

ದಿನಕ್ಕೊಂದು ಓದಿನಂತೆ ಮೂರು ದಿನ, ನಾಲ್ಕನೆಯ ದಿನ ಲೇಖನವನ್ನು ಮುಟ್ಟದೆ ಬಿಡಿ. ಐದನೆಯ ದಿನ ಕಾಗದದ ಮೇಲೆ ಮುದ್ರಿಸಿ ಗಟ್ಟಿಯಾಗಿ ಓದಿ. ಓದುತ್ತಾ ನಿಮ್ಮ ನಾಲಗೆ ತಾನಾಗಿ “ಮಾಡುತ್ತಿದ್ದರು” ಎಂಬುದನ್ನು “ಮಾಡ್ತಿದ್ರು” ಎಂದರೆ ಗಾಬರಿ ಬೇಡ, ಎಲ್ಲರೂ ಹಾಗೆಯೇ ಓದುವುದು. ಆದರೆ ಯಾವ ವಾಕ್ಯದಲ್ಲಿ ಉಸಿರು ಕಟ್ಟುತ್ತದೆಯೋ, ಯಾವುದನ್ನು ಎರಡು ಸಲ ಓದಬೇಕಾಗುತ್ತದೆಯೋ ಅಲ್ಲಿ ಕಚೇರಿಯ ಕನ್ನಡ ಇನ್ನೂ ಉಳಿದಿದೆ ಎಂದು ತಿಳಿಯಿರಿ. ಚಿತ್ರಗಳ ಅಡಿಬರಹವನ್ನೂ ಉಪಶೀರ್ಷಿಕೆಗಳನ್ನೂ ಈ ಓದಿನಲ್ಲಿ ಸೇರಿಸಿಕೊಳ್ಳಿ. ನಿಮ್ಮ ಲೇಖನದ ಕೊನೆಯ ಚಿತ್ರದ ಕೆಳಗೆ ಈಗಲೂ “ಸದರಿ ಕೆರೆಯ ಕೋಡಿ ಹತ್ರ ತಾತ” ಎಂದಿದೆ. “ಕೆರೆಯ ಕೋಡಿಯ ಬಳಿ ತಾತ” ಎಂದು ಮಾಡಿ ಕಳುಹಿಸಿ.